40 ನಿಮಿಷ, ನಾಲ್ಕು ಪ್ಯಾರಾ: ಅಭಿಪ್ರಾಯ ಪ್ರಬಂಧಕ್ಕೆ ನಿಲುವಿನ ವಾಕ್ಯ ಕಟ್ಟುವುದು ಹೇಗೆ?

ಇಂಗ್ಲಿಷ್ ಎಷ್ಟು ಬರುತ್ತದೆ ಎಂದು ಅಳೆಯುವ ಐಇಎಲ್‌ಟಿಎಸ್ ಪರೀಕ್ಷೆಯ ಬರವಣಿಗೆ ವಿಭಾಗಕ್ಕೆ ಒಟ್ಟು 60 ನಿಮಿಷ. ಅದರಲ್ಲಿ ಎರಡನೇ ಪ್ರಶ್ನೆಗೆ, ಅಂದರೆ ಪ್ರಬಂಧಕ್ಕೆ, ಸುಮಾರು 40 ನಿಮಿಷ ಇಟ್ಟುಕೊಳ್ಳಿ ಎಂದು ಪ್ರಶ್ನೆಪತ್ರಿಕೆಯೇ ಹೇಳುತ್ತದೆ. ಕನಿಷ್ಠ 250 ಪದ ಬರೆಯಬೇಕು. ಮೊದಲ ಪ್ರಶ್ನೆಗಿಂತ ಇದಕ್ಕೆ ಎರಡರಷ್ಟು ತೂಕ. ಬೇರೆ ಪರೀಕ್ಷೆಗಳಲ್ಲೂ ಇಂಥದ್ದೇ ಪ್ರಶ್ನೆ ಬರುತ್ತದೆ: ಒಂದು ಮಾತು ಕೊಟ್ಟು, ನೀವಿದನ್ನು ಒಪ್ಪುತ್ತೀರಾ ಎಂದು ಕೇಳುತ್ತಾರೆ.

ಇದಕ್ಕೆ ನಾಲ್ಕು ಪ್ಯಾರಾ ಸಾಕು. ಒಂದು ಪೀಠಿಕೆ, ಎರಡು ಕಾರಣದ ಪ್ಯಾರಾ, ಒಂದು ಮುಕ್ತಾಯ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೂ ಅರ್ಧ ದಾರಿಯಲ್ಲಿ ಪ್ರಬಂಧ ಎತ್ತಲೋ ಹೊರಟುಬಿಡುತ್ತದೆ. ಮೂರನೇ ಪ್ಯಾರಾ ಬರೆಯುವಾಗ ಹೇಳುವುದಕ್ಕೆ ಏನೂ ಉಳಿದಿರುವುದಿಲ್ಲ. ಇಲ್ಲವೇ ಮುಕ್ತಾಯದಲ್ಲಿ ಬೇರೆಯೇ ಅಭಿಪ್ರಾಯ ಬಂದಿರುತ್ತದೆ. ನಾನು ತಿದ್ದುವ ಪ್ರಬಂಧಗಳಲ್ಲಿ ಇಂಥ ಎಡವಟ್ಟುಗಳ ಬೇರು ಸಾಮಾನ್ಯವಾಗಿ ಒಂದೇ ಕಡೆ ಇರುತ್ತದೆ: ಪೀಠಿಕೆಯ ಕೊನೆಯ ವಾಕ್ಯದಲ್ಲಿ. ಬರೆಯುವವರ ನಿಲುವು ಏನು, ಯಾಕೆ ಎಂದು ಹೇಳಬೇಕಾದ ವಾಕ್ಯ ಅದು. ಇಲ್ಲಿ ಅದನ್ನು ನಿಲುವಿನ ವಾಕ್ಯ ಎಂದು ಕರೆಯುತ್ತೇನೆ. ಅದು ಸರಿಯಾಗಿ ಕೂತರೆ ಉಳಿದ ಮೂರು ಪ್ಯಾರಾಗಳಲ್ಲಿ ಏನಿರಬೇಕು ಎಂಬುದು ಅಲ್ಲೇ ತೀರ್ಮಾನ ಆಗಿಬಿಡುತ್ತದೆ. ಹಾಗಾಗಿ 40 ನಿಮಿಷದಲ್ಲಿ ಮೊದಲ ಹತ್ತು ನಿಮಿಷ ಉತ್ತರ ಬರೆಯಲು ಶುರು ಮಾಡಬೇಡಿ. ಆ ಒಂದು ವಾಕ್ಯದ ಮೇಲೆ ಖರ್ಚು ಮಾಡಿ.

ಒಂದು ಪ್ರಶ್ನೆ ತೆಗೆದುಕೊಂಡು ನೋಡೋಣ.

"ನಗರಗಳಲ್ಲಿ ಬಸ್ಸು ಮತ್ತು ರೈಲು ಪ್ರಯಾಣವನ್ನು ಎಲ್ಲರಿಗೂ ಉಚಿತ ಮಾಡಬೇಕು. ಈ ಮಾತನ್ನು ನೀವು ಎಷ್ಟರ ಮಟ್ಟಿಗೆ ಒಪ್ಪುತ್ತೀರಿ?"

ಪ್ರಶ್ನೆ ಓದುವ ಮೂರು ನಿಮಿಷ

ಈ ಪ್ರಶ್ನೆಯಲ್ಲಿ ವಿಷಯ ಒಂದಿದೆ, ಕೇಳಿರುವುದು ಇನ್ನೊಂದು. ವಿಷಯ ಬಸ್ಸು, ರೈಲು. ಕೇಳಿರುವುದು ಟಿಕೆಟ್ ದರದ ಬಗ್ಗೆ. ಅದೂ ಎಲ್ಲರಿಗೂ ಉಚಿತ ಮಾಡುವ ಬಗ್ಗೆ. ಅವಸರದಲ್ಲಿ ಓದಿದವರು ವಾಹನದ ಹೊಗೆ, ಟ್ರಾಫಿಕ್ ಜಾಮ್, ಬಸ್ಸಿನ ಉಪಯೋಗ ಅಂತ ಬರೆಯುತ್ತಾ ಹೋಗುತ್ತಾರೆ. ಭಾಷೆ ಚೆನ್ನಾಗಿರಬಹುದು. ಆದರೆ ಉತ್ತರ ಪ್ರಶ್ನೆಗೆ ಸೇರಿದ್ದಾಗಿರುವುದಿಲ್ಲ.

ಆದ್ದರಿಂದ ಓದುವಾಗ ಪ್ರಶ್ನೆಯ ಅಳತೆ ಹೇಳುವ ಪದಗಳಿಗೆ ಗೆರೆ ಎಳೆಯಿರಿ. ಇಲ್ಲಿ ಅವು "ಎಲ್ಲರಿಗೂ", "ಉಚಿತ" ಮತ್ತು "ಎಷ್ಟರ ಮಟ್ಟಿಗೆ". ಬೇರೆ ಪ್ರಶ್ನೆಗಳಲ್ಲಿ "ಮಾತ್ರ", "ಯಾವಾಗಲೂ", "ಅತಿ ಮುಖ್ಯ" ಎಂಬ ಪದಗಳು ಬರುತ್ತವೆ. ಜಗಳ ಇರುವುದೇ ಈ ಪದಗಳಲ್ಲಿ. "ಎಲ್ಲರಿಗೂ" ಎಂಬುದನ್ನು ತೆಗೆದುಬಿಟ್ಟರೆ ನಮ್ಮ ಪ್ರಶ್ನೆಗೆ ಬಹಳ ಜನ ಹೌದು ಅಂದುಬಿಡುತ್ತಾರೆ, ಅಲ್ವಾ?

ನಿಲುವಿನ ವಾಕ್ಯ, ನಾಲ್ಕು ಸಲ ಬರೆದಾಗ

ಈಗ ವಾಕ್ಯ ಕಟ್ಟೋಣ. ಮೊದಲು ತಲೆಗೆ ಬರುವುದು ಸಾಮಾನ್ಯವಾಗಿ ಹೀಗಿರುತ್ತದೆ:

"ಉಚಿತ ಪ್ರಯಾಣದಿಂದ ಅನುಕೂಲಗಳೂ ಇವೆ, ಅನಾನುಕೂಲಗಳೂ ಇವೆ."

ಇದು ನಿಲುವಲ್ಲ. ಜಗತ್ತಿನ ಯಾವ ವಿಷಯದ ಮುಂದೆ ಬೇಕಾದರೂ ಈ ಮಾತನ್ನು ಇಡಬಹುದು. ಯಾರೂ ಇದನ್ನು ಅಲ್ಲಗಳೆಯಲಾರರು. ಅಲ್ಲಗಳೆಯಲು ಆಗದ ಮಾತು ಅಭಿಪ್ರಾಯ ಆಗುವುದಿಲ್ಲ. ನಿಮ್ಮ ವಾಕ್ಯ ಓದಿ "ಇಲ್ಲ, ನಾನು ಒಪ್ಪಲ್ಲ" ಅನ್ನುವ ಒಬ್ಬ ಬುದ್ಧಿವಂತ ವ್ಯಕ್ತಿ ಇರಲು ಸಾಧ್ಯವೇ? ಇಲ್ಲ ಅಂದರೆ ವಾಕ್ಯ ಇನ್ನೂ ಹಸಿ.

ಎರಡನೇ ಪ್ರಯತ್ನ:

"ಈ ಪ್ರಬಂಧದಲ್ಲಿ ನಾನು ಎರಡೂ ಕಡೆಯ ವಾದಗಳನ್ನು ಚರ್ಚಿಸಿ, ಕೊನೆಯಲ್ಲಿ ನನ್ನ ಅಭಿಪ್ರಾಯವನ್ನು ತಿಳಿಸುತ್ತೇನೆ."

ಇದು ಬರೀ ಪ್ರಕಟಣೆ. ಅಭಿಪ್ರಾಯವನ್ನು ಕೊನೆಯವರೆಗೆ ಮುಚ್ಚಿಟ್ಟರೆ ಕುತೂಹಲ ಹುಟ್ಟುತ್ತದೆ ಎಂದು ಕೆಲವರು ನಂಬುತ್ತಾರೆ. ಪರೀಕ್ಷೆಯ ಪ್ರಬಂಧದಲ್ಲಿ ಅದು ಕೆಲಸಕ್ಕೆ ಬರುವುದಿಲ್ಲ. ನಿಲುವು ಮೊದಲಿಂದ ಕೊನೆಯವರೆಗೂ ಸ್ಪಷ್ಟವಾಗಿ ಕಾಣುತ್ತಿದೆಯೇ ಎಂದು ಪರೀಕ್ಷಕರು ನೋಡುತ್ತಾರೆ. ಕೊನೆಯಲ್ಲಿ ಮಾತ್ರ ಕಂಡರೆ ಸಾಲದು.

ಮೂರನೆಯದು:

"ಪ್ರಯಾಣವನ್ನು ಎಲ್ಲರಿಗೂ ಉಚಿತ ಮಾಡುವುದನ್ನು ನಾನು ಒಪ್ಪುವುದಿಲ್ಲ."

ಇಲ್ಲಿ ನಿಲುವು ಬಂತು. ಪ್ರಶ್ನೆಯ "ಎಲ್ಲರಿಗೂ" ಕೂಡ ಬಂತು. ಅನೇಕರು ಇಲ್ಲಿಗೇ ನಿಲ್ಲಿಸುತ್ತಾರೆ, ಅದು ತಪ್ಪೂ ಅಲ್ಲ. ತೊಂದರೆ ಆಗುವುದು ಬರೆಯುವವರಿಗೇ. ಯಾಕೆ ಒಪ್ಪುವುದಿಲ್ಲ ಎಂದು ಇನ್ನೂ ತೀರ್ಮಾನಿಸಿಲ್ಲ, ಆದರೆ ಪೆನ್ನು ಆಗಲೇ ಎರಡನೇ ಪ್ಯಾರಾಕ್ಕೆ ಬಂದಿದೆ. ಇನ್ನು ಮುಂದೆ ಯೋಚಿಸುವುದು, ಬರೆಯುವುದು ಎರಡೂ ಒಟ್ಟಿಗೇ ನಡೆಯಬೇಕು. ಸಮಯ ಸೋರಿಹೋಗುವುದು ಅಲ್ಲೇ.

ನಾಲ್ಕನೆಯದು:

"ಪ್ರಯಾಣವನ್ನು ಎಲ್ಲರಿಗೂ ಉಚಿತ ಮಾಡುವುದನ್ನು ನಾನು ಒಪ್ಪುವುದಿಲ್ಲ, ಟಿಕೆಟ್ ಹಣ ನಿಂತರೆ ಸೇವೆಯನ್ನು ಬೆಳೆಸುವುದು ಕಷ್ಟವಾಗುತ್ತದೆ, ಜೊತೆಗೆ ಆ ನೆರವು ಅದರ ಅಗತ್ಯವೇ ಇಲ್ಲದವರಿಗೂ ಹಂಚಿಹೋಗುತ್ತದೆ."

ಈ ವಾಕ್ಯದಲ್ಲಿ ಮೂರು ಭಾಗ ಇದೆ: ನಿಲುವು, ಒಂದು ಕಾರಣ, ಇನ್ನೊಂದು ಕಾರಣ. ಮೊದಲ ಕಾರಣ ಎರಡನೇ ಪ್ಯಾರಾದ ಬೀಜ, ಎರಡನೇ ಕಾರಣ ಮೂರನೇ ಪ್ಯಾರಾದ ಬೀಜ. ಪ್ರಬಂಧದ ನಕ್ಷೆ ತಯಾರಾಯಿತು.

ಎರಡು ಕಾರಣ ನಿಜವಾಗಿಯೂ ಎರಡೇನಾ?

ಇಲ್ಲಿ ಸ್ವಲ್ಪ ನಿಲ್ಲಬೇಕು. ಎರಡು ಕಾರಣ ಬರೆದುಕೊಂಡೆ ಅಂತ ಖುಷಿಯಾಗಿ ಶುರು ಮಾಡಿದವರು ಎಷ್ಟೋ ಸಲ ಒಂದೇ ಕಾರಣವನ್ನು ಎರಡು ಸಲ ಬರೆದಿರುತ್ತಾರೆ. "ಸರ್ಕಾರಕ್ಕೆ ಖರ್ಚು ಹೆಚ್ಚುತ್ತದೆ" ಎಂಬುದು ಒಂದು, "ಜನರ ಮೇಲೆ ತೆರಿಗೆ ಹೊರೆ ಬೀಳುತ್ತದೆ" ಎಂಬುದು ಇನ್ನೊಂದು ಎಂದುಕೊಳ್ಳಿ. ಪದಗಳು ಬೇರೆ, ವಿಷಯ ಒಂದೇ. ಸರ್ಕಾರದ ಖರ್ಚಿಗೆ ಹಣ ಬರುವುದು ಹೆಚ್ಚಾಗಿ ತೆರಿಗೆಯಿಂದ. ಇಂಥ ಜೋಡಿ ಇಟ್ಟುಕೊಂಡರೆ ಮೂರನೇ ಪ್ಯಾರಾ ಬರೆಯುವಾಗ ಎರಡನೇ ಪ್ಯಾರಾದ ಮಾತುಗಳೇ ಮತ್ತೆ ಮತ್ತೆ ಬರುತ್ತವೆ.

ಇದನ್ನು ಪತ್ತೆ ಮಾಡಲು ಒಂದು ಸುಲಭದ ಪ್ರಶ್ನೆ ಇದೆ. ಮೊದಲ ಕಾರಣ ಸುಳ್ಳು ಎಂದಾದರೂ ಎರಡನೆಯದು ನಿಲ್ಲುತ್ತದೆಯೇ? ನಮ್ಮ ನಾಲ್ಕನೇ ವಾಕ್ಯಕ್ಕೆ ಹಾಕಿ ನೋಡಿ. ಸರ್ಕಾರದ ಹತ್ತಿರ ಬೇಕಾದಷ್ಟು ಹಣ ಇದೆ, ಸೇವೆಗೆ ಏನೂ ತೊಂದರೆ ಆಗುವುದಿಲ್ಲ ಎಂದುಕೊಳ್ಳೋಣ. ಆಗಲೂ ಆ ನೆರವು ಉಳ್ಳವರಿಗೂ ಹೋಗುತ್ತದೆ ಎಂಬ ಆಕ್ಷೇಪ ಹಾಗೇ ಉಳಿಯುತ್ತದೆ. ಅಂದರೆ ಇವು ಬೇರೆ ಬೇರೆ ಕಾರಣಗಳು. ಖರ್ಚು-ತೆರಿಗೆ ಜೋಡಿಗೆ ಇದೇ ಪ್ರಶ್ನೆ ಹಾಕಿದರೆ ಎರಡೂ ಒಟ್ಟಿಗೇ ಬಿದ್ದುಹೋಗುತ್ತವೆ.

ಇನ್ನೊಂದು ಪರೀಕ್ಷೆಯೂ ಬೇಕು. ಪ್ರತಿ ಕಾರಣದ ಪಕ್ಕ ರಫ್ ಹಾಳೆಯಲ್ಲಿ ಎರಡು ಸಣ್ಣ ಟಿಪ್ಪಣಿ ಬರೆಯಿರಿ: ಅದು ಹೇಗೆ ಆಗುತ್ತದೆ, ಮತ್ತು ಯಾರ ಬದುಕಿನಲ್ಲಿ ಕಾಣುತ್ತದೆ. ಮೊದಲ ಕಾರಣಕ್ಕೆ "ಬಜೆಟ್ ಬಿಗಿ, ಬಸ್ಸು ಕಡಿಮೆ" ಮತ್ತು "ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುವವರು". ಎರಡನೆಯದಕ್ಕೆ "ಶ್ರೀಮಂತರಿಗೂ ಅದೇ ರಿಯಾಯಿತಿ" ಮತ್ತು "ಕಡಿಮೆ ಆದಾಯದವರಿಗೆ ಪಾಸ್". ಒಂದು ಕಾರಣಕ್ಕೆ ಈ ಎರಡು ಟಿಪ್ಪಣಿಯೂ ಹೊಳೆಯದಿದ್ದರೆ ಅದರ ಮೇಲೆ ಐದು ವಾಕ್ಯ ಬರೆಯಲು ಆಗುವುದಿಲ್ಲ. ಆಗಲೇ ಅದನ್ನು ಬಿಟ್ಟು ಬೇರೆ ಹುಡುಕಿ. ಏಳನೇ ನಿಮಿಷದಲ್ಲಿ ಕಾರಣ ಬದಲಾಯಿಸಿದರೆ ಏನೂ ನಷ್ಟ ಇಲ್ಲ. ಇಪ್ಪತ್ತೈದನೇ ನಿಮಿಷದಲ್ಲಿ ಬದಲಾಯಿಸಿದರೆ ಪ್ರಬಂಧವೇ ಹೋಯಿತು.

ಹಾಗೆಯೇ, ಯಾವ ಕಡೆ ನಿಲ್ಲಬೇಕು ಎಂಬ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಪ್ಪಿದರೆ ಅಂಕ ಹೆಚ್ಚು, ಒಪ್ಪದಿದ್ದರೆ ಕಡಿಮೆ ಎಂದಿಲ್ಲ. ಯಾವ ಕಡೆಗೆ ಎರಡು ಗಟ್ಟಿ ಕಾರಣ ಬೇಗ ಸಿಗುತ್ತದೋ ಆ ಕಡೆ ನಿಲ್ಲಿ.

ಪೀಠಿಕೆ: ನಾಲ್ಕೇ ನಿಮಿಷ

ನಿಲುವಿನ ವಾಕ್ಯ ಸಿಕ್ಕ ಮೇಲೆ ಪೀಠಿಕೆಗೆ ಬೇಕಾಗಿರುವುದು ಇನ್ನೊಂದು ವಾಕ್ಯ ಮಾತ್ರ. ಪ್ರಶ್ನೆಯಲ್ಲಿರುವ ಚರ್ಚೆಯನ್ನು ನಿಮ್ಮ ಮಾತಿನಲ್ಲಿ ಹೇಳಿ: "ನಗರದ ಬಸ್ಸು, ರೈಲುಗಳಿಗೆ ಯಾರೂ ದುಡ್ಡು ಕೊಡಬೇಕಾಗಿಲ್ಲ ಎಂಬ ವ್ಯವಸ್ಥೆ ಬರಬೇಕು ಎಂದು ಕೆಲವರು ಬಯಸುತ್ತಾರೆ." ಅದರ ಬೆನ್ನಿಗೇ ನಿಲುವಿನ ವಾಕ್ಯ. ಅಷ್ಟೇ. "ಇಂದಿನ ಆಧುನಿಕ ಯುಗದಲ್ಲಿ ಸಾರಿಗೆಯು ಮಾನವನ ಜೀವನದ ಅವಿಭಾಜ್ಯ ಅಂಗ" ಎಂಬಂಥ ಬಾಯಿಪಾಠದ ಸಾಲುಗಳು ಸಮಯವನ್ನೂ ತಿನ್ನುತ್ತವೆ, ಪರೀಕ್ಷಕರಿಗೆ ಏನನ್ನೂ ಹೇಳುವುದಿಲ್ಲ.

ಒಂದು ಕಾರಣದ ಪ್ಯಾರಾ, ಹತ್ತಿರದಿಂದ

ಪ್ರತಿ ಕಾರಣದ ಪ್ಯಾರಾಕ್ಕೆ ಹತ್ತು ನಿಮಿಷ, ಐದಾರು ವಾಕ್ಯ. ಇಂಗ್ಲಿಷಿನಲ್ಲಿ ಬರೆಯುವಾಗ ಅದು ಸುಮಾರು 90 ಪದ ಆಗುತ್ತದೆ. ಪೀಠಿಕೆಗೆ 45, ಮುಕ್ತಾಯಕ್ಕೆ 40 ಸೇರಿಸಿದರೆ 250 ದಾಟುತ್ತದೆ. ಪದ ಎಣಿಸುತ್ತಾ ಕೂರಬೇಡಿ, ವಾಕ್ಯ ಎಣಿಸಿ. ಕಂಪ್ಯೂಟರಿನಲ್ಲಿ ಬರೆಯುವವರಿಗೆ ಪದಗಳ ಲೆಕ್ಕ ತೆರೆಯ ಮೇಲೇ ಕಾಣುತ್ತದೆ.

ಮೊದಲು ಒಂದು ದುರ್ಬಲ ಪ್ಯಾರಾ ನೋಡಿ:

"ಪ್ರಯಾಣ ಉಚಿತವಾದರೆ ನಷ್ಟ ಆಗುತ್ತದೆ. ಬಸ್ಸುಗಳು ಗಲೀಜಾಗುತ್ತವೆ. ಜನಸಂದಣಿ ಹೆಚ್ಚಾಗುತ್ತದೆ. ಚಾಲಕರಿಗೆ ಸರಿಯಾಗಿ ಸಂಬಳ ಸಿಗುವುದಿಲ್ಲ. ಕೆಲವರು ಸುಮ್ನೆ ಓಡಾಡುತ್ತಾರೆ."

ಐದು ವಾಕ್ಯ, ಐದು ವಿಷಯ. ಒಂದಕ್ಕೂ "ಅದು ಹೇಗೆ?" ಎಂಬ ಪ್ರಶ್ನೆಗೆ ಉತ್ತರ ಇಲ್ಲ. ಬರೆದವರಿಗೆ ವಿಷಯ ಚೆನ್ನಾಗಿ ಗೊತ್ತಿದೆ, ತಲೆಯಲ್ಲಿ ಬೇಕಾದಷ್ಟು ಇದೆ. ಆದರೆ ಓದುವವರಿಗೆ ಇದು ಪಟ್ಟಿ. ಈಗ ಇದರಲ್ಲಿ ಮೊದಲ ವಾಕ್ಯದ ವಿಷಯವನ್ನು ಮಾತ್ರ ಉಳಿಸಿಕೊಂಡು ಮುಂದುವರಿಸೋಣ:

"ಮೊದಲನೆಯದಾಗಿ, ಟಿಕೆಟ್ ಹಣ ಇಲ್ಲದೆ ಸಾರಿಗೆ ಸೇವೆಯನ್ನು ಬೆಳೆಸುವುದು ಕಷ್ಟ. ಪ್ರಯಾಣಿಕರು ಕೊಡುವ ಹಣ ಬಸ್ಸು, ರೈಲು ಓಡಿಸುವ ಸಂಸ್ಥೆಗೆ ದಿನವೂ ಕೈಸೇರುವ ಆದಾಯ. ಅದು ನಿಂತರೆ ಪ್ರತಿ ಹೊಸ ಬಸ್ಸಿಗೂ ಸರ್ಕಾರದ ಬಜೆಟ್ಟನ್ನೇ ಕಾಯಬೇಕು, ಬಜೆಟ್ ಬಿಗಿಯಾದ ವರ್ಷ ಇರುವ ಬಸ್ಸುಗಳನ್ನೂ ಕಡಿಮೆ ಮಾಡಬೇಕಾಗಬಹುದು. ಉದಾಹರಣೆಗೆ, ಹತ್ತು ನಿಮಿಷಕ್ಕೊಂದು ಬರುತ್ತಿದ್ದ ಬಸ್ಸು ಅರ್ಧ ಗಂಟೆಗೊಂದು ಬರತೊಡಗಿದರೆ, ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗಬೇಕಾದವರು ಸ್ವಂತ ವಾಹನ ತೆಗೆಯುತ್ತಾರೆ. ಹೀಗೆ ಜನರನ್ನು ಬಸ್ಸಿನತ್ತ ಸೆಳೆಯಲು ತಂದ ವ್ಯವಸ್ಥೆಯೇ ಅವರನ್ನು ದೂರ ಮಾಡುತ್ತದೆ."

ಇದೂ ಐದೇ ವಾಕ್ಯ. ಮೊದಲನೆಯದು ನಿಲುವಿನ ವಾಕ್ಯದಿಂದ ಎತ್ತಿಕೊಂಡ ಕಾರಣ. ಎರಡನೆಯದು ಅದರ ಹಿಂದಿನ ವಿವರ. ಮೂರನೆಯದು ಅದರಿಂದ ಏನಾಗುತ್ತದೆ ಎಂಬುದು. ನಾಲ್ಕನೆಯದು ಕಣ್ಣಿಗೆ ಕಾಣುವ ಉದಾಹರಣೆ. ಐದನೆಯದು ನಿಲುವಿಗೆ ವಾಪಸ್. ಪ್ರತಿ ವಾಕ್ಯವೂ ಹಿಂದಿನ ವಾಕ್ಯದ ಬಾಲ ಹಿಡಿದುಕೊಂಡು ಬಂದಿದೆ. ಯಾವುದಾದರೂ ಎರಡು ವಾಕ್ಯಗಳ ಜಾಗ ಅದಲುಬದಲು ಮಾಡಿ ನೋಡಿ, ಪ್ಯಾರಾ ಕೆಟ್ಟುಹೋಗುತ್ತದೆ. ದುರ್ಬಲ ಪ್ಯಾರಾದಲ್ಲಿ ಕೊನೆಯ ನಾಲ್ಕು ವಾಕ್ಯಗಳನ್ನು ಹೇಗೆ ಬೇಕಾದರೂ ಜೋಡಿಸಬಹುದು, ಏನೂ ವ್ಯತ್ಯಾಸ ಆಗುವುದಿಲ್ಲ. ನಿಮ್ಮ ಪ್ಯಾರಾ ಬೆಳೆದಿದೆಯೋ ಬರೀ ಉದ್ದವಾಗಿದೆಯೋ ತಿಳಿಯಲು ಇದೊಂದು ಒಳ್ಳೆಯ ಗುರುತು.

ಉದಾಹರಣೆಯಲ್ಲಿ ಅಂಕಿಅಂಶ ಇರಲೇಬೇಕು ಎಂದೇನೂ ಇಲ್ಲ. "ಒಂದು ಸಮೀಕ್ಷೆಯ ಪ್ರಕಾರ 78 ಪ್ರತಿಶತ ಜನ" ಎಂದು ಕಟ್ಟಿಕಥೆ ಬರೆಯುವುದನ್ನು ದಯವಿಟ್ಟು ಬಿಡಿ. ಓದಿದ ಕೂಡಲೇ ಅದು ಕಟ್ಟಿದ್ದು ಎಂದು ಗೊತ್ತಾಗುತ್ತದೆ, ವಾದಕ್ಕೂ ಬಲ ಬರುವುದಿಲ್ಲ. ನಡೆಯಬಹುದಾದ ಒಂದು ಸನ್ನಿವೇಶವನ್ನು ಸ್ಪಷ್ಟವಾಗಿ ಹೇಳಿದರೆ ಸಾಕು.

ಎದುರು ವಾದಕ್ಕೆ ಜಾಗ ಎಲ್ಲಿ?

ನಿಮ್ಮ ನಿಲುವಿಗೆ ವಿರುದ್ಧವಾದ ಒಂದು ಒಳ್ಳೆಯ ಮಾತು ನೆನಪಿಗೆ ಬಂದೇ ಬರುತ್ತದೆ. ಉಚಿತ ಪ್ರಯಾಣದ ವಿಷಯದಲ್ಲಿ ಲಕ್ಸೆಂಬರ್ಗ್ ನೆನಪಾಗಬಹುದು. 2020ರಲ್ಲಿ ಆ ದೇಶ ಬಸ್ಸು, ಟ್ರಾಮ್, ರೈಲು ಎಲ್ಲವನ್ನೂ ಉಚಿತ ಮಾಡಿತು, ರೈಲಿನ ಪ್ರಥಮ ದರ್ಜೆಯೊಂದನ್ನು ಬಿಟ್ಟು. ಹಾಗಿದ್ದರೆ ನಮ್ಮ ವಾದ ಬಿದ್ದುಹೋಯಿತೇ? ಇಲ್ಲ. ಲಕ್ಸೆಂಬರ್ಗ್ ಚಿಕ್ಕ ದೇಶ, ಶ್ರೀಮಂತ ದೇಶ. ಎಲ್ಲ ನಗರಗಳಿಗೂ ಅಂಥ ಬೊಕ್ಕಸ ಇರುವುದಿಲ್ಲ ಎಂದು ಹೇಳಬಹುದು.

ಆದರೆ ಈ ಎದುರು ವಾದಕ್ಕೆ ಒಂದು ಇಡೀ ಪ್ಯಾರಾ ಕೊಡುವ ಆಸೆ ಬೇಡ. ಇರುವುದು ಎರಡೇ ಕಾರಣದ ಪ್ಯಾರಾ. ಅದರಲ್ಲಿ ಒಂದನ್ನು ಎದುರು ಪಕ್ಷಕ್ಕೆ ಬಿಟ್ಟುಕೊಟ್ಟರೆ ಪ್ರಬಂಧ ಸಮಬಲ ಆಗಿಬಿಡುತ್ತದೆ. ನೀವು ಯಾವ ಕಡೆ ಇದ್ದೀರಿ ಎಂದು ಓದುವವರಿಗೆ ತಿಳಿಯುವುದಿಲ್ಲ. ಎದುರು ವಾದವನ್ನು ಮೂರನೇ ಪ್ಯಾರಾದ ಮೊದಲ ಅರ್ಧ ವಾಕ್ಯದಲ್ಲಿ ತಂದು, ಉಳಿದರ್ಧದಲ್ಲಿ ಉತ್ತರ ಕೊಡಿ:

"ಟಿಕೆಟ್ ದರ ಕೆಲವರಿಗೆ ನಿಜಕ್ಕೂ ಹೊರೆ, ಆದರೆ ಎಲ್ಲರಿಗೂ ಉಚಿತ ಮಾಡಿದರೆ ಆ ನೆರವು ಹೊರೆ ಇಲ್ಲದವರಿಗೂ ಹಂಚಿಹೋಗುತ್ತದೆ. ಕಾರು ಇರುವ ಕುಟುಂಬಕ್ಕೂ ದಿನಗೂಲಿಯವರಿಗೂ ಒಂದೇ ರಿಯಾಯಿತಿ ಸಿಗುತ್ತದೆ. ಅದೇ ಹಣದಲ್ಲಿ ಕಡಿಮೆ ಆದಾಯದವರಿಗೆ, ವಿದ್ಯಾರ್ಥಿಗಳಿಗೆ, ಹಿರಿಯರಿಗೆ ಮಾತ್ರ ಉಚಿತ ಪಾಸ್ ಕೊಟ್ಟರೆ, ಉಳಿದದ್ದನ್ನು ಬಸ್ಸೇ ಹೋಗದ ಬಡಾವಣೆಗಳಿಗೆ ಸೇವೆ ಒದಗಿಸಲು ಬಳಸಬಹುದು. ಅಂಥ ಕಡೆ ಇರುವ ಬಡ ಕುಟುಂಬಕ್ಕೆ ಉಚಿತ ಟಿಕೆಟ್‌ಗಿಂತ ಮನೆ ಹತ್ತಿರ ಒಂದು ಬಸ್ ನಿಲ್ದಾಣ ಹೆಚ್ಚು ಉಪಯೋಗ."

ನಿಮಗೆ ನಿಜವಾಗಿಯೂ ಅರ್ಧ ಒಪ್ಪಿಗೆ ಇದ್ದರೆ ಅದೂ ಆಗಬಹುದು, "ಎಷ್ಟರ ಮಟ್ಟಿಗೆ" ಎಂದೇ ಕೇಳಿದ್ದಾರಲ್ಲ. ಆದರೆ ಅರ್ಧ ಎಲ್ಲಿಗೆ ಮುಗಿಯುತ್ತದೆ ಎಂದು ನಿಲುವಿನ ವಾಕ್ಯದಲ್ಲೇ ಗೆರೆ ಹಾಕಿ: "ವಿದ್ಯಾರ್ಥಿಗಳಿಗೆ, ಹಿರಿಯರಿಗೆ ಉಚಿತ ಇರಬೇಕು, ಎಲ್ಲರಿಗೂ ವಿಸ್ತರಿಸುವುದು ತಪ್ಪು." ಆಗ ಎರಡನೇ ಪ್ಯಾರಾ ಒಪ್ಪುವ ಭಾಗಕ್ಕೆ, ಮೂರನೆಯದು ಒಪ್ಪದ ಭಾಗಕ್ಕೆ. "ಸ್ವಲ್ಪ ಮಟ್ಟಿಗೆ ಒಪ್ಪುತ್ತೇನೆ" ಎಂದಷ್ಟೇ ಬರೆದರೆ ಎಷ್ಟು, ಯಾವುದು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಗಡಿಯಾರ ಮುಂದೆ ಓಡಿದಾಗ

ಲೆಕ್ಕ ಹೀಗೆ ಬಂತು: ಓದಲು 3 ನಿಮಿಷ, ನಿಲುವು ಮತ್ತು ಕಾರಣಗಳಿಗೆ 7, ಪೀಠಿಕೆಗೆ 4, ಎರಡು ಪ್ಯಾರಾಗಳಿಗೆ 20, ಮುಕ್ತಾಯಕ್ಕೆ 3, ತಿದ್ದಲು 3. ಒಟ್ಟು 40. ಇದರಲ್ಲಿ ಕೆಡುವುದು ಹೆಚ್ಚಾಗಿ ಒಂದೇ ಕಡೆ. ಎರಡನೇ ಪ್ಯಾರಾದಲ್ಲಿ ಉತ್ಸಾಹ ಬಂದು ಅದು ಹದಿನೈದು ನಿಮಿಷ ನುಂಗುತ್ತದೆ. ಆದ್ದರಿಂದ ಗಡಿಯಾರವನ್ನು ಪದೇ ಪದೇ ನೋಡುವ ಬದಲು 24ನೇ ನಿಮಿಷವನ್ನು ಮಾತ್ರ ನೆನಪಿಡಿ. ಆ ಹೊತ್ತಿಗೆ ಮೂರನೇ ಪ್ಯಾರಾದ ಮೊದಲ ಪದ ಬೀಳಬೇಕು. ಎರಡನೇ ಪ್ಯಾರಾದಲ್ಲಿ ಇನ್ನೂ ಹೇಳುವುದಿದ್ದರೂ ಆ ವಾಕ್ಯ ಮುಗಿಸಿ ಮುಂದೆ ಹೋಗಿ.

30ನೇ ನಿಮಿಷವಾದರೂ ಮೂರನೇ ಪ್ಯಾರಾ ಶುರುವೇ ಆಗಿಲ್ಲದಿದ್ದರೆ, ಅದನ್ನು ಮೂರೇ ವಾಕ್ಯಕ್ಕೆ ಇಳಿಸಿ: ಕಾರಣ, ಅದು ಹೇಗೆ, ಒಂದು ಉದಾಹರಣೆ. ಮುಕ್ತಾಯವನ್ನು ಮಾತ್ರ ಬಿಡಬೇಡಿ. ಒಂದೇ ವಾಕ್ಯ ಆದರೂ ಸರಿ. ಮೂರನೇ ಪ್ಯಾರಾ ತೆಳುವಾದರೆ ವಾದ ಸ್ವಲ್ಪ ಸೊರಗುತ್ತದೆ. ಮುಕ್ತಾಯವೇ ಇಲ್ಲದಿದ್ದರೆ ಪ್ರಬಂಧ ಮುಗಿದಿಲ್ಲ ಎಂದೇ ಕಾಣುತ್ತದೆ.

ಬರೆಯುತ್ತಾ ಬರೆಯುತ್ತಾ ಅಭಿಪ್ರಾಯವೇ ಬದಲಾದರೆ? ಇದು ಯೋಚಿಸುವವರಿಗೆ ಆಗುತ್ತದೆ. ಬರೆದದ್ದನ್ನೆಲ್ಲ ಹೊಡೆದುಹಾಕಬೇಡಿ. ಪೀಠಿಕೆಗೆ ಹಿಂತಿರುಗಿ ನಿಲುವಿನ ವಾಕ್ಯಕ್ಕೆ ಒಂದು ಷರತ್ತು ಸೇರಿಸಿ, ಉದಾಹರಣೆಗೆ "ಸೇವೆ ಇನ್ನೂ ಸಾಲದಿರುವ ನಗರಗಳಲ್ಲಿ" ಎಂದು. ಹೊಸ ಸಂಶಯಕ್ಕೆ ಅಷ್ಟು ಜಾಗ ಸಾಕು, ಉಳಿದ ಬರವಣಿಗೆ ಹಾಗೇ ನಿಲ್ಲುತ್ತದೆ.

ಮುಕ್ತಾಯಕ್ಕೆ ಎರಡು ವಾಕ್ಯ. ಮೊದಲನೆಯದರಲ್ಲಿ ನಿಲುವನ್ನು ಬೇರೆ ಮಾತಿನಲ್ಲಿ ಹೇಳಿ, ಎರಡನೆಯದರಲ್ಲಿ ಎರಡು ಕಾರಣಗಳಿಂದ ಹೊರಡುವ ತೀರ್ಮಾನ: "ಆದ್ದರಿಂದ ಪ್ರಯಾಣ ಎಲ್ಲರಿಗೂ ಉಚಿತವಾಗಬೇಕು ಎಂಬುದನ್ನು ನಾನು ಒಪ್ಪಲಾರೆ. ನಗರಗಳು ಟಿಕೆಟ್ ಹಣವನ್ನು ಸೇವೆ ಬೆಳೆಸಲು ಬಳಸಿ, ರಿಯಾಯಿತಿಯನ್ನು ಅದು ಬೇಕಾದವರಿಗೆ ಮೀಸಲಿಡುವುದು ಸರಿ." ಇಲ್ಲಿ ಹೊಸ ಕಾರಣ ತರಬೇಡಿ. ವಾಯುಮಾಲಿನ್ಯ ಈಗ ನೆನಪಾದರೂ ಬೇಡ, ಅದನ್ನು ವಿವರಿಸಲು ಜಾಗ ಇಲ್ಲ.

ಉಳಿದ ಮೂರು ನಿಮಿಷದಲ್ಲಿ ಪ್ರಬಂಧವನ್ನು ಮೊದಲಿಂದ ಓದುವ ಬದಲು ನಾಲ್ಕೇ ವಾಕ್ಯ ಓದಿ: ನಿಲುವಿನ ವಾಕ್ಯ, ಎರಡನೇ ಪ್ಯಾರಾದ ಮೊದಲ ವಾಕ್ಯ, ಮೂರನೇ ಪ್ಯಾರಾದ ಮೊದಲ ವಾಕ್ಯ, ಮುಕ್ತಾಯದ ಮೊದಲ ವಾಕ್ಯ. ನಾಲ್ಕನ್ನೂ ಒಂದರ ಹಿಂದೆ ಒಂದು ಓದಿದಾಗ ಒಂದೇ ವಾದದ ಸಂಕ್ಷೇಪ ಎನಿಸಬೇಕು. ಯಾವುದಾದರೂ ಒಂದು ಹೊರಗಿನದು ಎನಿಸಿದರೆ ಅದೊಂದನ್ನೇ ತಿದ್ದಿ. ಆಮೇಲೆ ಸಮಯ ಉಳಿದರೆ ಕಾಗುಣಿತ, ಕ್ರಿಯಾಪದ, ಏಕವಚನ-ಬಹುವಚನ ನೋಡಿ.

ಅಭ್ಯಾಸ ಮಾಡುವವರು ದಿನವೂ ಪೂರ್ತಿ ಪ್ರಬಂಧ ಬರೆಯಬೇಕಾಗಿಲ್ಲ. ಒಂದು ಪ್ರಶ್ನೆ ತೆಗೆದು, ಹತ್ತು ನಿಮಿಷ ಇಟ್ಟುಕೊಂಡು, ನಿಲುವಿನ ವಾಕ್ಯ ಮತ್ತು ಪ್ರತಿ ಕಾರಣದ ಪಕ್ಕದ ಎರಡು ಟಿಪ್ಪಣಿ ಮಾತ್ರ ಬರೆದು ನಿಲ್ಲಿಸಿ. ಪೂರ್ತಿ ಪ್ರಬಂಧ ಒಂದನ್ನು ಬರೆಯುವ ಹೊತ್ತಿನಲ್ಲಿ ಹೀಗೆ ನಾಲ್ಕು ಪ್ರಶ್ನೆ ಮಾಡಬಹುದು. ಬರೆದದ್ದನ್ನು ಇನ್ನೊಬ್ಬರಿಗೆ ತೋರಿಸಿ, ಪ್ರಶ್ನೆಯನ್ನು ಮಾತ್ರ ಮುಚ್ಚಿಡಿ. ನಿಮ್ಮ ವಾಕ್ಯ ಓದಿ ಪ್ರಶ್ನೆ ಏನಿತ್ತು ಎಂದು ಅವರು ಸರಿಯಾಗಿ ಊಹಿಸಿದರೆ ಆ ವಾಕ್ಯ ಪ್ರಶ್ನೆಗೆ ಉತ್ತರ ಕೊಟ್ಟಿದೆ ಎಂದರ್ಥ.